ಕೀಲಿ ಕೊಡುವ ಮುನ್ನ: ಹಂಪಿಯ ಬಾಡಿಗೆ ಬೈಕ್ ಅಂಗಡಿಯ ಬೋರ್ಡು ಏನು ಹೇಳಬೇಕು?

ಹಂಪಿಯ ವಿರೂಪಾಕ್ಷ ಗುಡಿಯಿಂದ ವಿಜಯವಿಠ್ಠಲ ದೇವಸ್ಥಾನಕ್ಕೆ ಹೊಳೆ ದಂಡೆಯ ಕಾಲುದಾರಿ ಹಿಡಿದರೆ ಎರಡು ಕಿಲೋಮೀಟರ್ ಆಸುಪಾಸು. ಅದೇ ಜಾಗಕ್ಕೆ ಗಾಡಿಯಲ್ಲಿ ಹೋಗಬೇಕೆಂದರೆ ಕಮಲಾಪುರದ ಕಡೆ ಸುತ್ತಿಕೊಂಡು ಒಂಬತ್ತು ಹತ್ತು ಕಿಲೋಮೀಟರ್ ಆಗುತ್ತದೆ. ತುಂಗಭದ್ರೆಯ ಆಚೆ ದಂಡೆಯ ಆನೆಗೊಂದಿ ಕಣ್ಣಿಗೆ ಕಾಣುವಷ್ಟು ಹತ್ತಿರ. ರಸ್ತೆಯಲ್ಲಿ ಹೋಗುವವರು ಮಾತ್ರ ಬುಕ್ಕಸಾಗರ ಮತ್ತು ಕಡೆಬಾಗಿಲು ನಡುವಿನ ಸೇತುವೆ ಬಳಸಿ ಹದಿನೈದು ಇಪ್ಪತ್ತು ಕಿಲೋಮೀಟರ್ ಸುತ್ತಬೇಕು. ಸ್ಮಾರಕಗಳು ಹೀಗೆ ಹರಡಿಕೊಂಡಿರುವುದರಿಂದಲೇ ಹೊಸಪೇಟೆ, ಕಮಲಾಪುರ, ಹಂಪಿ ಮತ್ತು ಆನೆಗೊಂದಿ ಕಡೆಯ ಪ್ರವಾಸಿಗರು ಸ್ಕೂಟರ್, ಮೊಪೆಡ್, ಬೈಕುಗಳನ್ನು ಬಾಡಿಗೆಗೆ ಕೇಳುತ್ತಾರೆ.

ಇಂಥ ಅಂಗಡಿಯ ಮುಂದಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ದೊಡ್ಡದಾಗಿ ಕಾಣುವುದು 'ಬೈಕ್ ಬಾಡಿಗೆಗೆ ಇದೆ' ಎಂಬ ಸಾಲು ಮತ್ತು ಒಂದು ಫೋನ್ ನಂಬರು. ಉಳಿದದ್ದೆಲ್ಲ ಬಾಯಿಮಾತು. ಬೆಳಿಗ್ಗೆ ಗಾಡಿ ತೆಗೆದುಕೊಳ್ಳುವಾಗ ಬಾಯಿಮಾತು ಸಾಕೆನಿಸುತ್ತದೆ. ಸಂಜೆ ಗಾಡಿ ಮರಳಿಸುವಾಗ ಅದೇ ಬಾಯಿಮಾತು ಜಗಳಕ್ಕೆ ಕಾರಣವಾಗುತ್ತದೆ, ದಾರಿಯಲ್ಲಿ ಅಪಘಾತವಾದರೆ ಅದಕ್ಕೆ ಯಾವ ಬೆಲೆಯೂ ಇರುವುದಿಲ್ಲ. ಗಂಟೆ ಬಾಡಿಗೆ, ದಾಖಲೆ, ಸುರಕ್ಷತೆ ಎಂಬ ಮೂರು ಭಾಗಗಳನ್ನು ಬೋರ್ಡಿನಲ್ಲಿ ಸರಿಯಾಗಿ ಬರೆದಿಟ್ಟರೆ ಅಂಗಡಿಯವನಿಗೂ ಗಿರಾಕಿಗೂ ಒಂದೇ ಲೆಕ್ಕ ಇರುತ್ತದೆ. ಬರೆಯುವವರು ಏನು ಬರೆಯಬೇಕು, ಓದುವವರು ಏನನ್ನು ಹುಡುಕಬೇಕು ಎಂಬುದನ್ನು ಹಂಪಿಯ ರಸ್ತೆಗಳನ್ನೇ ಮುಂದಿಟ್ಟುಕೊಂಡು ನೋಡೋಣ.

ಮೊದಲು ನಂಬರ್ ಪ್ಲೇಟ್ ನೋಡಿ

ಬೋರ್ಡು ಓದುವುದಕ್ಕೂ ಮೊದಲು ಅಂಗಡಿ ಮುಂದೆ ನಿಂತ ಗಾಡಿಯ ನಂಬರ್ ಪ್ಲೇಟ್ ನೋಡಬೇಕು. ಬಾಡಿಗೆಗೆ ಕೊಟ್ಟು ಗಿರಾಕಿಯೇ ಓಡಿಸುವ ಪೆಟ್ರೋಲ್ ಗಾಡಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುತ್ತದೆ. ಬಿಳಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇದ್ದರೆ ಅದು ಸ್ವಂತ ಬಳಕೆಗೆಂದು ನೋಂದಣಿಯಾದ ಗಾಡಿ.

ಈ ಬಣ್ಣದ ಹಿಂದೆ ಒಂದು ಕಾನೂನು ಇದೆ. ಮೋಟಾರು ವಾಹನ ಕಾಯ್ದೆಯ 75ನೇ ಕಲಮಿನ ಅಡಿಯಲ್ಲಿ ಕೇಂದ್ರ ಸರ್ಕಾರ 1997ರಲ್ಲಿ ಮೋಟಾರ್ ಸೈಕಲ್ ಬಾಡಿಗೆ ಯೋಜನೆಯನ್ನು ಜಾರಿಗೆ ತಂದಿತು. ಅದರ ಪ್ರಕಾರ ಈ ವ್ಯಾಪಾರ ಮಾಡುವವರು ಸಾರಿಗೆ ಇಲಾಖೆಯಿಂದ ಪರವಾನಗಿ ಪಡೆಯಬೇಕು, ಕನಿಷ್ಠ ಐದು ಗಾಡಿಗಳನ್ನು ಹೊಂದಿರಬೇಕು, ಆ ಗಾಡಿಗಳಿಗೆ ಪರ್ಮಿಟ್, ಫಿಟ್‌ನೆಸ್ ಸರ್ಟಿಫಿಕೇಟ್ ಮತ್ತು ವಿಮೆ ಇರಬೇಕು.

ಗಿರಾಕಿಗೆ ಇದರಲ್ಲಿ ಮುಖ್ಯವಾದದ್ದು ವಿಮೆ. ಬಿಳಿ ಪ್ಲೇಟಿನ ಗಾಡಿಯ ಪಾಲಿಸಿಯಲ್ಲಿ ಬಾಡಿಗೆಗೆ ಬಳಸಬಾರದೆಂಬ ಷರತ್ತು ಇರುತ್ತದೆ. ಅಂಥ ಗಾಡಿ ಬಾಡಿಗೆಯಲ್ಲಿದ್ದಾಗ ಜಖಂ ಆದರೆ ವಿಮಾ ಕಂಪನಿ ರಿಪೇರಿಯ ಹಣ ನಿರಾಕರಿಸಬಹುದು. ದಾರಿಹೋಕರೊಬ್ಬರಿಗೆ ಪೆಟ್ಟಾದರೆ ಪರಿಹಾರದ ಹೊರೆ ಗಾಡಿಯ ಮಾಲೀಕನ ಮತ್ತು ಓಡಿಸಿದವನ ತಲೆಗೆ ಬರುವ ಸಾಧ್ಯತೆ ಇದೆ. ನೂರು ರೂಪಾಯಿ ಕಡಿಮೆಗೆ ಸಿಕ್ಕಿತೆಂದು ಬಿಳಿ ಪ್ಲೇಟಿನ ಗಾಡಿ ತೆಗೆದುಕೊಳ್ಳುವವರು ಈ ಅಪಾಯವನ್ನೂ ಜೊತೆಗೇ ತೆಗೆದುಕೊಂಡಂತೆ. ಆದ್ದರಿಂದ ಒಳ್ಳೆಯ ಬೋರ್ಡಿನ ಮೊದಲ ಸಾಲಿನಲ್ಲಿ ಅಂಗಡಿಯ ಹೆಸರಿನ ಪಕ್ಕದಲ್ಲೇ ಸಾರಿಗೆ ಇಲಾಖೆಯ ಪರವಾನಗಿ ಸಂಖ್ಯೆ ಇರಬೇಕು.

ಗಂಟೆ ಎಂದರೆ ಯಾವ ಗಂಟೆ?

'ಗಂಟೆಗೆ 80 ರೂಪಾಯಿ' ಎಂದು ಬರೆದರೆ ದರ ಹೇಳಿದಂತಾಯಿತು, ಲೆಕ್ಕ ಹೇಳಿದಂತಾಗಲಿಲ್ಲ. ಉದಾಹರಣೆಗೆ ಒಂದು ಅಂಗಡಿಯನ್ನು ಊಹಿಸಿಕೊಳ್ಳೋಣ. ಅಲ್ಲಿ ಸ್ಕೂಟರಿಗೆ ಗಂಟೆಗೆ 80 ರೂಪಾಯಿ, ಬೆಳಿಗ್ಗೆಯಿಂದ ಸಂಜೆವರೆಗೆ ಇಡೀ ದಿನಕ್ಕೆ 450 ರೂಪಾಯಿ. ದಾವಣಗೆರೆಯಿಂದ ಬಂದ ಇಬ್ಬರು ಗೆಳೆಯರು ಬೆಳಿಗ್ಗೆ 9:20ಕ್ಕೆ ಕಮಲಾಪುರದಲ್ಲಿ ಸ್ಕೂಟರ್ ಪಡೆದು ಮಧ್ಯಾಹ್ನ 3 ಗಂಟೆಗೆ ತಂದು ನಿಲ್ಲಿಸಿದರು. ಒಟ್ಟು 5 ಗಂಟೆ 40 ನಿಮಿಷ.

ಅರ್ಧ ಗಂಟೆಯಾದರೂ ಪೂರ್ತಿ ಗಂಟೆ ಎಂದು ಹಿಡಿಯುವ ಅಂಗಡಿಯಾದರೆ ಆರು ಗಂಟೆಗೆ 480 ರೂಪಾಯಿ ಆಗುತ್ತದೆ. ಅರ್ಧ ಗಂಟೆಗೊಂದು ಲೆಕ್ಕ, ಮೇಲೆ ಹದಿನೈದು ನಿಮಿಷದವರೆಗೆ ರಿಯಾಯಿತಿ ಎನ್ನುವ ಅಂಗಡಿಯಲ್ಲಿ ಐದೂವರೆ ಗಂಟೆಗೆ 440 ರೂಪಾಯಿ. ದಿನದ ದರ ಹಾಕಿದರೆ 450 ರೂಪಾಯಿ. ಒಂದೇ ಬೋರ್ಡು, ಒಂದೇ ಸಮಯ, ಮೂರು ಮೊತ್ತ. ಇದರಲ್ಲಿ 480 ರೂಪಾಯಿ ಕೇಳಿದರೆ ಗಿರಾಕಿ ಖಂಡಿತ ಸಿಟ್ಟಾಗುತ್ತಾನೆ. ಇಡೀ ದಿನ ಇಟ್ಟುಕೊಂಡವನಿಗಿಂತ ಬೇಗ ಬಂದವನೇ ಹೆಚ್ಚು ಕೊಟ್ಟಂತಾಯಿತಲ್ಲ! ಇದನ್ನು ತಪ್ಪಿಸಲು ಬೋರ್ಡಿನಲ್ಲಿ ಮೂರು ಮಾತು ಸಾಕು: ಕನಿಷ್ಠ ಎಷ್ಟು ಗಂಟೆಯ ಬಾಡಿಗೆ, ಗಂಟೆ ಮೀರಿದರೆ ಹೇಗೆ ಲೆಕ್ಕ, ಗಂಟೆಯ ಲೆಕ್ಕ ದಿನದ ದರವನ್ನು ದಾಟಿದರೆ ದಿನದ ದರವೇ ಅನ್ವಯ.

ತಡವಾಗಿ ಬಂದವರಿಗೆ ಹಾಕುವ ದಂಡದ ವಿಷಯದಲ್ಲಿ ಅಂಗಡಿಯವರು ಇನ್ನೂ ಎಚ್ಚರವಾಗಿರಬೇಕು, ಏಕೆಂದರೆ ಇಲ್ಲಿ ಹಣದ ಜೊತೆ ಜೀವದ ಪ್ರಶ್ನೆಯೂ ಇದೆ. ಗಿರಾಕಿಯೊಬ್ಬರು ಹೀಗೆ ಕೇಳುತ್ತಾರೆನ್ನಿ: "ಅಣ್ಣಾ, ಆಚೆ ದಂಡೆಗೆ ಹೋಗಿ ಅಂಜನಾದ್ರಿ ಹತ್ತಿ ಮೂರು ಗಂಟೇಲಿ ಬರಬಹುದಾ?" ನಕ್ಷೆಯಲ್ಲಿ ನೋಡಿದರೆ ಬರಬಹುದೆನಿಸುತ್ತದೆ. ಆದರೆ ಕಮಲಾಪುರದಿಂದ ಹೊರಟು ಹಂಪಿ, ವಿಠ್ಠಲ ದೇವಸ್ಥಾನ, ಆನೆಗೊಂದಿ, ಅಂಜನಾದ್ರಿ ಮುಗಿಸಿ ಮರಳುವಷ್ಟರಲ್ಲಿ ಗಾಡಿ ಸುಮಾರು 50 ಕಿಲೋಮೀಟರ್ ಓಡಿರುತ್ತದೆ. ಅಂಜನಾದ್ರಿಗೆ ಐನೂರಕ್ಕೂ ಹೆಚ್ಚು ಮೆಟ್ಟಿಲು. ಹತ್ತಿ, ದರ್ಶನ ಮಾಡಿ, ಇಳಿಯಲು ಒಂದೂವರೆ ಗಂಟೆಯಾದರೂ ಬೇಕು. ವಿಠ್ಠಲ ದೇವಸ್ಥಾನದಲ್ಲಿ ಗಾಡಿಯನ್ನು ದೂರದ ನಿಲುಗಡೆಯಲ್ಲೇ ಬಿಟ್ಟು, ಅಲ್ಲಿಂದ ಬ್ಯಾಟರಿ ವಾಹನದಲ್ಲೋ ನಡೆದೋ ಹೋಗಬೇಕು. ಸರದಿಗೆ ಕಾಯುವುದೂ ಉಂಟು.

ಮೂರು ಗಂಟೆಯ ಬಾಡಿಗೆ ಕೊಟ್ಟು ಹೊರಟವರು ನಾಲ್ಕನೆಯ ಗಂಟೆಯಲ್ಲಿ ಇನ್ನೂ ಆನೆಗೊಂದಿಯಲ್ಲೇ ಇರುತ್ತಾರೆ. ತಡವಾದ ಪ್ರತಿ ಗಂಟೆಗೆ ಎರಡು ಪಟ್ಟು ದಂಡ ಎಂಬ ಸಾಲು ಬೋರ್ಡಿನಲ್ಲಿದ್ದರೆ, ಅದು ತಲೆಯಲ್ಲಿ ಕೊರೆಯುತ್ತಿದ್ದರೆ, ಅವರು ವಾಪಸಾಗುವಾಗ ಗದ್ದೆ ನಡುವಿನ ಆ ಕಿರಿದಾದ ರಸ್ತೆಯಲ್ಲಿ ಆಕ್ಸಿಲರೇಟರ್ ತಿರುಗಿಸದೆ ಇರಲಾರರು. ಹಾಗಾಗಿ ತಡವಾದ ಸಮಯಕ್ಕೂ ಸಾಮಾನ್ಯ ದರವನ್ನೇ ಹಿಡಿಯುವುದು, ತಡವಾಗುತ್ತದೆಂದು ಫೋನ್ ಮಾಡಿ ತಿಳಿಸಲು ಹೇಳುವುದು ಸುರಕ್ಷಿತ ಕ್ರಮ. ಇನ್ನೊಂದು ಗಿರಾಕಿ ಕಾಯುತ್ತಿರುವ ಸೀಸನ್ನಿನಲ್ಲಿ ದಂಡ ಬೇಕೇಬೇಕೆಂದರೆ ಅದಕ್ಕೊಂದು ಮಿತಿ ಇರಲಿ. ಇದರ ಜೊತೆಗೆ, ಯಾವ ಸುತ್ತಿಗೆ ಎಷ್ಟು ಹೊತ್ತು ಬೇಕೆಂದು ಬೋರ್ಡಿನಲ್ಲೇ ಬರೆದರೆ ಗಿರಾಕಿ ಮೊದಲೇ ಸರಿಯಾದ ಅವಧಿಯನ್ನು ಆರಿಸಿಕೊಳ್ಳುತ್ತಾನೆ.

ಪೆಟ್ರೋಲ್ ಯಾರದು ಎಂಬುದನ್ನೂ ಬರೆಯಬೇಕು. ಸಾಮಾನ್ಯವಾಗಿ ಅದು ಗಿರಾಕಿಯದೇ. ಲೀಟರಿಗೆ 40ರಿಂದ 45 ಕಿಲೋಮೀಟರ್ ಕೊಡುವ ಸ್ಕೂಟರಿಗೆ ಮೇಲಿನ ಸುತ್ತಿಗೆ ಒಂದೂಕಾಲು ಲೀಟರ್ ಸಾಕು. ಆದರೆ ಕೆಲವು ಕಡೆ ಗಾಡಿಯನ್ನು ಬರಿ ಟ್ಯಾಂಕಿನಲ್ಲೇ ಕೊಟ್ಟು, ಗಿರಾಕಿ ಹಾಕಿಸಿ ಉಳಿಸಿದ ಪೆಟ್ರೋಲನ್ನು ಸಂಜೆ ಅಂಗಡಿಯೇ ಇಟ್ಟುಕೊಳ್ಳುತ್ತದೆ. 'ಎಷ್ಟು ಪೆಟ್ರೋಲಿನೊಂದಿಗೆ ಕೊಡುತ್ತೇವೋ ಅಷ್ಟರೊಂದಿಗೆ ಮರಳಿಸಿ' ಎಂಬ ಒಂದು ಸಾಲು ಇಬ್ಬರಿಗೂ ನ್ಯಾಯ ಒದಗಿಸುತ್ತದೆ.

ಲೈಸೆನ್ಸ್ ತೋರಿಸಿ, ಒತ್ತೆ ಇಡಬೇಡಿ

ದಾಖಲೆಗಳ ಸಾಲಿನಲ್ಲಿ ಮೊದಲು ಬರುವುದು ಡ್ರೈವಿಂಗ್ ಲೈಸೆನ್ಸ್. ಇಲ್ಲಿ ಹೆಚ್ಚು ಜನ ಎಡವುವ ಜಾಗ ಒಂದಿದೆ. ಕಾರಿನ ಲೈಸೆನ್ಸ್ ಇದ್ದರೆ ಸ್ಕೂಟರನ್ನೂ ಓಡಿಸಬಹುದೆಂದು ಹಲವರು ನಂಬಿದ್ದಾರೆ. ಅದು ತಪ್ಪು. ಲೈಸೆನ್ಸಿನಲ್ಲಿ ವಾಹನದ ವರ್ಗ ಬರೆದಿರುತ್ತದೆ. ಗೇರ್ ಇರುವ ಬೈಕಿಗೆ ಒಂದು ವರ್ಗ, ಗೇರ್ ಇಲ್ಲದ ಸ್ಕೂಟರಿಗೆ ಇನ್ನೊಂದು, ಕಾರಿನಂಥ ಲಘು ವಾಹನಕ್ಕೆ ಮತ್ತೊಂದು. ಕಾರಿನ ವರ್ಗ ಮಾತ್ರ ಇದ್ದವರು ಬಾಡಿಗೆ ಸ್ಕೂಟರ್ ಓಡಿಸಿದರೆ ಕಾನೂನಿನ ಕಣ್ಣಿನಲ್ಲಿ ಅವರು ಲೈಸೆನ್ಸ್ ಇಲ್ಲದವರೇ. ಸ್ಕೂಟರ್ ವರ್ಗ ಮಾತ್ರ ಇದ್ದವರು ಗೇರ್ ಬೈಕ್ ಓಡಿಸುವಂತಿಲ್ಲ. ಎಲ್ಎಲ್ ಇರುವವರು ಇನ್ನೂ ಕಲಿಯುತ್ತಿರುವವರು. ಅವರಿಗೆ ಬಾಡಿಗೆ ಗಾಡಿ ಕೊಡಲೇಬಾರದು.

ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟರೆ ಕೊಟ್ಟವರದೂ ಅಪರಾಧವೇ. ಓಡಿಸಿದವರು 18 ತುಂಬದ ಮಕ್ಕಳಾಗಿದ್ದರೆ ಶಿಕ್ಷೆ ಬಹಳ ಕಠಿಣ. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕನಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ಜೊತೆಗೆ ಆ ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಅಪ್ಪನ ಲೈಸೆನ್ಸ್ ತೋರಿಸಿ ಗಾಡಿ ಪಡೆದು, ತಿರುವಿನಾಚೆ ಮಗನ ಕೈಗೆ ಕೊಡುವ ಕುಟುಂಬಗಳೂ ಇರುತ್ತವೆ. ಆದ್ದರಿಂದ 'ಲೈಸೆನ್ಸ್ ತೋರಿಸಿದವರೇ ಓಡಿಸಬೇಕು' ಎಂಬ ಸಾಲು ಬೋರ್ಡಿನಲ್ಲಿ ಪ್ರತ್ಯೇಕವಾಗಿ ಇರಬೇಕು.

ಲೈಸೆನ್ಸ್ ಅಸಲಿಯೇ ಎಂದು ತಿಳಿಯಲು ಅಂಗಡಿಯವರು ಅದರ ಸಂಖ್ಯೆ ಮತ್ತು ಜನ್ಮದಿನಾಂಕವನ್ನು ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ಹಾಕಿ ನೋಡಬಹುದು. ವರ್ಗವೂ ಅವಧಿಯೂ ಅಲ್ಲೇ ಕಾಣುತ್ತವೆ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿ ತೋರಿಸುವ ಲೈಸೆನ್ಸಿಗೂ ಮಾನ್ಯತೆ ಇದೆ. ಮೊಬೈಲಿನಲ್ಲಿ ತೆಗೆದಿಟ್ಟ ಬರಿಯ ಫೋಟೋಗೆ ಆ ಮಾನ್ಯತೆ ಇಲ್ಲ. ವಿದೇಶಿ ಪ್ರವಾಸಿಗರಾದರೆ ಪಾಸ್‌ಪೋರ್ಟ್ ಮತ್ತು ದ್ವಿಚಕ್ರ ವಾಹನಕ್ಕೆ ಅನುಮತಿ ಇರುವ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಕೇಳಬೇಕು.

ಗಾಡಿ ಮರಳುವವರೆಗೆ ಅಸಲು ಲೈಸೆನ್ಸನ್ನೋ ಆಧಾರ್ ಕಾರ್ಡನ್ನೋ ಅಂಗಡಿಯಲ್ಲೇ ಇಟ್ಟುಕೊಳ್ಳುವ ಅಭ್ಯಾಸ ಹಲವೆಡೆ ಇದೆ. ಅಂಗಡಿಯವನ ಭಯ ಅರ್ಥವಾಗುವಂಥದ್ದೇ. ಗಾಡಿಯ ಬೆಲೆ ಲಕ್ಷದ ಹತ್ತಿರ. ಆದರೆ ಲೈಸೆನ್ಸ್ ಅಂಗಡಿಯ ಡ್ರಾಯರಿನಲ್ಲಿದ್ದರೆ ದಾರಿಯಲ್ಲಿ ಪೊಲೀಸರು ಕೇಳಿದಾಗ ಓಡಿಸುವವನ ಕೈ ಖಾಲಿ. ಆಧಾರ್ ಒತ್ತೆ ಇಟ್ಟರೆ ಅದರ ದುರ್ಬಳಕೆಯ ಆತಂಕ. ಲೈಸೆನ್ಸಿನ ಪ್ರತಿ, ಫೋನ್ ನಂಬರಿಗೆ ಒಮ್ಮೆ ಕರೆ ಮಾಡಿ ಖಾತ್ರಿ, ಉಳಿದುಕೊಂಡ ಲಾಡ್ಜಿನ ಹೆಸರು ಮತ್ತು ಒಂದು ಮೊತ್ತದ ಮುಂಗಡ ಇಷ್ಟಿದ್ದರೆ ಅಂಗಡಿಗೆ ರಕ್ಷಣೆ ಸಿಗುತ್ತದೆ. ವಿಳಾಸದ ದಾಖಲೆಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿ ಸಾಕು.

ದಾಖಲೆ ಕೊಡುವುದು ಗಿರಾಕಿಯ ಕೆಲಸ ಮಾತ್ರವಲ್ಲ. ಆರ್‌ಸಿ, ವಿಮೆ, ಪರ್ಮಿಟ್, ಫಿಟ್‌ನೆಸ್ ಮತ್ತು ಎಮಿಷನ್ ಸರ್ಟಿಫಿಕೇಟಿನ ಪ್ರತಿಗಳನ್ನು ಅಂಗಡಿಯವರು ಗಾಡಿಯ ಜೊತೆ ಕೊಡಬೇಕು. ವಿಮೆಯ ಕೊನೆಯ ದಿನಾಂಕವನ್ನು ಗಿರಾಕಿ ಅಲ್ಲೇ ನೋಡಿಕೊಳ್ಳಬೇಕು.

ಮುಂಗಡದ ಹಣ ಮರಳುವಾಗ ಬರುವ ಜಗಳ ಬಹುಪಾಲು ಗೀರುಗಳದ್ದು. ಹೊರಡುವ ಮುನ್ನ ಗಾಡಿಯ ನಾಲ್ಕೂ ಕಡೆ, ಮೀಟರಿನ ಕಿಲೋಮೀಟರ್ ಮತ್ತು ಪೆಟ್ರೋಲ್ ಮುಳ್ಳು ಕಾಣುವಂತೆ ಒಂದು ನಿಮಿಷದ ವಿಡಿಯೋ ಇಬ್ಬರ ಮುಂದೆಯೇ ತೆಗೆದುಕೊಂಡರೆ ವಾದಕ್ಕೆ ಎಡೆ ಇರುವುದಿಲ್ಲ. ಕನ್ನಡಿ ಒಡೆದರೆ, ಇಂಡಿಕೇಟರ್ ಮುರಿದರೆ, ಬ್ರೇಕ್ ಲಿವರ್ ಬಾಗಿದರೆ, ಕೀಲಿ ಕಳೆದರೆ ಎಷ್ಟು ಎಂಬ ಪುಟ್ಟ ಪಟ್ಟಿಯೂ ಬೋರ್ಡಿನ ಪಕ್ಕದಲ್ಲಿರಲಿ.

ಈ ರಸ್ತೆಗೆ ತಕ್ಕ ನಿಯಮ

'ನಿಧಾನವಾಗಿ ಚಲಿಸಿ' ಎಂಬ ಸಾಲನ್ನು ಯಾರೂ ಓದುವುದಿಲ್ಲ. ಎಲ್ಲಿ, ಏಕೆ ನಿಧಾನವಾಗಬೇಕು ಎಂದು ಹೇಳಿದರೆ ಓದುತ್ತಾರೆ. ಹಂಪಿಯ ರಸ್ತೆಗಳಿಗೆ ತಮ್ಮದೇ ಸ್ವಭಾವವಿದೆ. ತಳವಾರಘಟ್ಟದ ಕಡೆ ಹೋಗುವ ದಾರಿ ವಿಜಯನಗರ ಕಾಲದ ಕಲ್ಲಿನ ಹೆಬ್ಬಾಗಿಲಿನೊಳಗಿಂದಲೇ ಹಾದುಹೋಗುತ್ತದೆ. ಅಂಥ ಬಾಗಿಲಲ್ಲಿ ಎದುರಿನಿಂದ ಬರುವವರು ಕಾಣುವುದಿಲ್ಲ. ಹಾರ್ನ್ ಹೊಡೆದು, ಒಬ್ಬರು ದಾಟಿದ ಮೇಲೆ ಇನ್ನೊಬ್ಬರು ದಾಟಬೇಕು. ಸುತ್ತಲೂ ಭತ್ತ, ಕಬ್ಬು, ಬಾಳೆಯ ಗದ್ದೆ ತೋಟಗಳು. ಟ್ರ್ಯಾಕ್ಟರಿನ ಚಕ್ರದಿಂದ ಉದುರಿದ ಕೆಸರು, ತಿರುವಿನ ಅಂಚಿನ ಮರಳು ಸ್ಕೂಟರಿನ ಸಣ್ಣ ಚಕ್ರಕ್ಕೆ ಬಹಳ ಅಪಾಯಕಾರಿ. ಮರಳಿನ ಮೇಲೆ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದರೆ ಹ್ಯಾಂಡಲ್ ಕೈತಪ್ಪಿ ಗಾಡಿ ಮಲಗುತ್ತದೆ. ತಿರುವಿಗೆ ಮೊದಲೇ, ಗಾಡಿ ನೇರವಾಗಿರುವಾಗಲೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿಕೊಳ್ಳಬೇಕು. ಕತ್ತಲಾದ ಮೇಲೆ ಗದ್ದೆ ನಡುವಿನ ರಸ್ತೆಯಲ್ಲಿ ದೀಪ ಇರುವುದಿಲ್ಲ, ಹಿಂದೆ ಲೈಟಿಲ್ಲದ ಟ್ರೇಲರ್ ಎದುರಾದರೆ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಹಾಗಾಗಿ ಹಗಲು ಬಾಡಿಗೆಯ ಗಡುವನ್ನು ಸೂರ್ಯ ಮುಳುಗುವ ಮೊದಲೇ ಇಡುವುದು ಒಳ್ಳೆಯದು.

ಹೊಳೆಯ ಸುತ್ತು ತಪ್ಪಿಸಲು ಗಾಡಿಯನ್ನೇ ದೋಣಿಗೆ, ಹರಿಗೋಲಿಗೆ ಹತ್ತಿಸುವ ಆಸೆ ಕೆಲವರಿಗೆ ಬರುತ್ತದೆ. ಮಳೆಗಾಲದಲ್ಲಿ ಜಲಾಶಯದಿಂದ ನೀರು ಬಿಟ್ಟಾಗ ದೋಣಿ ಸಂಚಾರವೇ ನಿಲ್ಲುತ್ತದೆ. ಉಳಿದ ದಿನಗಳಲ್ಲೂ ಬಾಡಿಗೆ ಗಾಡಿ ಸೇತುವೆಯ ಮೇಲೇ ಹೋಗಬೇಕೆಂದು ಸ್ಪಷ್ಟವಾಗಿ ಬರೆಯಬೇಕು. ಹಾಗೆಯೇ ಗಾಡಿಯನ್ನು ಬಂಡೆ, ಮಂಟಪ, ಸ್ಮಾರಕದ ಅಂಗಳಕ್ಕೆ ಏರಿಸಬಾರದು. ಇದು 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ನೆಲ.

ಹೆಲ್ಮೆಟ್ ಓಡಿಸುವವರಿಗೂ ಹಿಂದೆ ಕೂತವರಿಗೂ ಕಡ್ಡಾಯ. ಎರಡು ಹೆಲ್ಮೆಟ್ ಬಾಡಿಗೆಯಲ್ಲೇ ಸೇರಿರಬೇಕು. ಹೆಲ್ಮೆಟ್ಟಿನ ಮೇಲೆ ಐಎಸ್ಐ ಗುರುತು ಮತ್ತು 'ಐಎಸ್ 4151' ಎಂಬ ಸಂಖ್ಯೆ ಇದೆಯೇ ನೋಡಿ. ಬಕಲ್ ಹಾಕಿ, ಹಿಂದಿನಿಂದ ಮೇಲಕ್ಕೆತ್ತಿ ನೋಡಿ. ಕಳಚಿ ಬಂದರೆ ಬೇರೆಯದನ್ನು ಕೇಳಿ. ಒಮ್ಮೆ ಗಟ್ಟಿ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಗಿನ ಥರ್ಮಾಕೋಲ್ ಒತ್ತಿಹೋಗಿರುತ್ತದೆ, ಎರಡನೆಯ ಪೆಟ್ಟನ್ನು ಅದು ತಡೆಯುವುದಿಲ್ಲ. ಬಿರುಕು ಕಂಡ ಹೆಲ್ಮೆಟ್ಟನ್ನು ಅಂಗಡಿಯವರೇ ತೆಗೆದುಹಾಕಬೇಕು.

ಒಂದು ಗಾಡಿಗೆ ಇಬ್ಬರೇ. ಮೂವರು ಕೂತರೆ ದಂಡದ ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅಮಾನತಾಗುವ ಅವಕಾಶ ಕಾಯ್ದೆಯಲ್ಲಿದೆ. ಹಿಂದೆ ಕೂರುವವರು ಸೀರೆಯ ಸೆರಗು, ದುಪಟ್ಟಾವನ್ನು ಗಟ್ಟಿಯಾಗಿ ಸುತ್ತಿಕೊಳ್ಳಬೇಕು. ಚಕ್ರಕ್ಕೆ ಬಟ್ಟೆ ಸಿಕ್ಕಿ ಕುತ್ತಿಗೆಗೆ ಬಿಗಿದುಕೊಳ್ಳುವ ಅಪಘಾತ ಕ್ಷಣದಲ್ಲಿ ಆಗಿಬಿಡುತ್ತದೆ.

ಕೀಲಿ ಕೈಗೆ ಬಂದ ಮೇಲೆ ಅಂಗಡಿಯ ಮುಂದೆಯೇ ಒಂದು ಸಣ್ಣ ಸುತ್ತು ಹೊಡೆಯಬೇಕು. ಬ್ರೇಕ್ ಲಿವರ್ ಹ್ಯಾಂಡಲ್ ಹಿಡಿಗೆ ತಾಗುವಷ್ಟು ಒಳಗೆ ಬಂದರೆ ಬ್ರೇಕ್ ಸಡಿಲವಾಗಿದೆ ಎಂದರ್ಥ. ಟೈರಿನ ಗೆರೆಗಳ ನಡುವೆ ಇರುವ ಸಣ್ಣ ದಿಬ್ಬ ಟೈರಿನ ಮೇಲ್ಮೈಗೆ ಸಮವಾಗಿದ್ದರೆ ಟೈರ್ ಸವೆದಿದೆ. ಬ್ರೇಕ್ ಹಿಡಿದಾಗ ಹಿಂದಿನ ಕೆಂಪು ದೀಪ ಹತ್ತಬೇಕು. ಇವುಗಳಲ್ಲಿ ಒಂದು ಸರಿಯಿಲ್ಲದಿದ್ದರೂ ಬೇರೆ ಗಾಡಿ ಕೇಳಬೇಕು.

ಪೂರ್ತಿ ಬೋರ್ಡು ಹೀಗಿರಲಿ

ಮೇಲಿನ ಮಾತುಗಳನ್ನೆಲ್ಲ ಒಂದು ಬೋರ್ಡಿಗೆ ಇಳಿಸಿದರೆ ಹೀಗಾಗುತ್ತದೆ. ದರಗಳು ಮಾದರಿಗೆ ಮಾತ್ರ.

ಬೈಕ್, ಸ್ಕೂಟರ್ ಬಾಡಿಗೆಗೆ
ಸಾರಿಗೆ ಇಲಾಖೆ ಪರವಾನಗಿ ಸಂಖ್ಯೆ: ........

ಬಾಡಿಗೆ
ಸ್ಕೂಟರ್: ಗಂಟೆಗೆ ₹80, ಕನಿಷ್ಠ 2 ಗಂಟೆ. ಹಗಲು ಪೂರ್ತಿ (ಬೆಳಿಗ್ಗೆ 8ರಿಂದ ಸಂಜೆ 6) ₹450.
ಗೇರ್ ಬೈಕ್: ಗಂಟೆಗೆ ₹120, ಕನಿಷ್ಠ 2 ಗಂಟೆ. ಹಗಲು ಪೂರ್ತಿ ₹700.
15 ನಿಮಿಷದವರೆಗೆ ತಡಕ್ಕೆ ಹಣವಿಲ್ಲ. ನಂತರ ಪ್ರತಿ ಅರ್ಧ ಗಂಟೆಗೆ ಅರ್ಧ ದರ.
ಗಂಟೆಯ ಲೆಕ್ಕ ಹಗಲಿನ ದರ ಮೀರಿದರೆ ಹಗಲಿನ ದರ ಮಾತ್ರ.
ಪೆಟ್ರೋಲ್ ನಿಮ್ಮದು. ಪಡೆದಷ್ಟು ತುಂಬಿಸಿ ಮರಳಿಸಿ.
ಮುಂಗಡ ₹1,000. ಗಾಡಿ ಮರಳಿಸಿದ ಕೂಡಲೇ ವಾಪಸ್.
ಹಂಪಿ ಮಾತ್ರ: 4 ಗಂಟೆ ಬೇಕು. ಆನೆಗೊಂದಿ, ಅಂಜನಾದ್ರಿ ಸೇರಿದರೆ: ಹಗಲು ಪೂರ್ತಿ ಬೇಕು.

ದಾಖಲೆ
ದ್ವಿಚಕ್ರ ವಾಹನದ ಲೈಸೆನ್ಸ್ ತೋರಿಸಿ. ಕಾರಿನ ಲೈಸೆನ್ಸ್, ಎಲ್ಎಲ್ ನಡೆಯುವುದಿಲ್ಲ.
ಲೈಸೆನ್ಸ್ ತೋರಿಸಿದವರೇ ಓಡಿಸಬೇಕು.
ವಿಳಾಸದ ಒಂದು ದಾಖಲೆಯ ಪ್ರತಿ ಕೊಡಿ. ಅಸಲು ದಾಖಲೆ ನಾವು ಇಟ್ಟುಕೊಳ್ಳುವುದಿಲ್ಲ.
ಆರ್‌ಸಿ, ವಿಮೆ, ಪರ್ಮಿಟ್, ಫಿಟ್‌ನೆಸ್, ಎಮಿಷನ್ ಪ್ರತಿಗಳನ್ನು ನಮ್ಮಿಂದ ಕೇಳಿ ಪಡೆಯಿರಿ.

ಸುರಕ್ಷತೆ
ಇಬ್ಬರೇ ಕೂರಿ. ಇಬ್ಬರೂ ಹೆಲ್ಮೆಟ್ ಹಾಕಿ, ಬಕಲ್ ಬಿಗಿಯಿರಿ.
ಕುಡಿದವರಿಗೆ ಗಾಡಿ ಇಲ್ಲ.
ಕಲ್ಲಿನ ಬಾಗಿಲಲ್ಲಿ ಹಾರ್ನ್ ಹೊಡೆದು ನಿಧಾನವಾಗಿ ದಾಟಿ. ಮರಳಿನ ಮೇಲೆ ಮುಂದಿನ ಬ್ರೇಕ್ ಹಿಡಿಯಬೇಡಿ.
ಗಾಡಿಯನ್ನು ದೋಣಿ, ಹರಿಗೋಲಿಗೆ ಹತ್ತಿಸಬೇಡಿ. ಸ್ಮಾರಕದ ಒಳಗೆ ಒಯ್ಯಬೇಡಿ.
ತಡವಾದರೆ ಅವಸರ ಬೇಡ, ಫೋನ್ ಮಾಡಿ: ........
ಅಪಘಾತವಾದರೆ: ಆಂಬುಲೆನ್ಸ್ 108, ಪೊಲೀಸ್ 112.

ಕರ್ನಾಟಕದಲ್ಲಿ ಬೋರ್ಡಿನ ಶೇಕಡ 60 ಭಾಗ ಕನ್ನಡದಲ್ಲಿರಬೇಕೆಂಬ ನಿಯಮ 2024ರಿಂದ ಕಾಯ್ದೆಯಲ್ಲೇ ಸೇರಿದೆ. ಮೇಲಿನ ಅರ್ಧದಲ್ಲಿ ಕನ್ನಡ ಬರೆದು, ಕೆಳಗೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ದರ ಮತ್ತು ಲೈಸೆನ್ಸಿನ ಸಾಲುಗಳನ್ನಾದರೂ ಕೊಟ್ಟರೆ ಹೊರಗಿನವರಿಗೂ ಅನುಕೂಲ. ಬೋರ್ಡನ್ನು ರಸ್ತೆಗೆ ಕಾಣುವಂತೆ ಎತ್ತರದಲ್ಲಿ ಕಟ್ಟಿದರೆ ಸಾಲದು. ಗಿರಾಕಿ ಹಣ ಎಣಿಸುವ ಮೇಜಿನ ಹಿಂದೆ ಕಣ್ಣಿನ ಮಟ್ಟಕ್ಕೆ ಇನ್ನೊಂದು ಪ್ರತಿ ಇರಬೇಕು. ಅದೇ ಸಾಲುಗಳನ್ನು ರಸೀದಿಯ ಹಿಂಬದಿಗೂ ಅಚ್ಚು ಹಾಕಿಸಿ, ಗಾಡಿ ಹೊರಟ ಸಮಯವನ್ನು ರಸೀದಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ, ಮೂವತ್ತು ಕಿಲೋಮೀಟರ್ ಆಚೆ ಟೈರ್ ಪಂಕ್ಚರ್ ಆದಾಗಲೂ ಯಾರಿಗೆ ಫೋನ್ ಮಾಡಬೇಕು, ತಡವಾದದ್ದಕ್ಕೆ ಎಷ್ಟು ಕೊಡಬೇಕು ಎಂಬುದಕ್ಕೆ ಉತ್ತರ ಗಿರಾಕಿಯ ಜೇಬಿನಲ್ಲೇ ಇರುತ್ತದೆ.